ದೂರಿನ ಸಂಖ್ಯೆ ಸಿಗುವವರೆಗೆ ಫೋನ್ ಇಡಬೇಡಿ

ಮಾನ್ಯ ಸಂಪಾದಕರೇ, ಪಾವತಿ ಆ್ಯಪ್‌ನಲ್ಲಿ 299 ರೂಪಾಯಿಯ ರೀಚಾರ್ಜ್ ಮಾಡಿದೆ. ಖಾತೆಯಿಂದ ಹಣ ಹೋಯಿತು, ‘ಪಾವತಿ ಯಶಸ್ವಿ’ ಎಂದೂ ಬಂತು. ಪ್ಲಾನ್ ಮಾತ್ರ ಬರಲಿಲ್ಲ. ಬ್ಯಾಂಕಿನ ಯುಪಿಐ ಸಂಖ್ಯೆ ಹೇಳಿದರೆ ಮೊಬೈಲ್ ಕಂಪನಿಯವರು ‘ನಮಗೆ ಹಣ ತಲುಪಿಲ್ಲ’ ಎನ್ನುತ್ತಾರೆ. ‘ಹೋಗಲಿ ಬಿಡಮ್ಮ’ ಎನ್ನುತ್ತಾನೆ ಮಗ. ಏನು ಮಾಡಲಿ?
— ಓದುಗರು, ವಿದ್ಯಾನಗರ, ದಾವಣಗೆರೆ

ಮಗನಿಗೆ ಕೆಲಸದ ಒತ್ತಡವಿರಬಹುದು, ಒಪ್ಪೋಣ. ಆದರೆ ಬಿಡಬೇಡಿ ತಾಯಿ. ಹೀಗೆ ‘ಹೋಗಲಿ’ ಎಂದು ಬಿಟ್ಟವರ ಹಣದ ಮೇಲೆಯೇ ಈ ಅಸಡ್ಡೆ ಬೆಳೆದಿದೆ.

ಕಂಪನಿಯವರು ಹೇಳಿದ್ದು ಸುಳ್ಳೇ ಇರಬೇಕೆಂದಿಲ್ಲ. ನಿಮ್ಮ ರೀಚಾರ್ಜ್‌ನಲ್ಲಿ ಎರಡು ವ್ಯವಹಾರಗಳಿವೆ. ಮೊದಲನೆಯದರಲ್ಲಿ ಹಣ ಬ್ಯಾಂಕಿನಿಂದ ಆ್ಯಪ್‌ನವರಿಗೆ ಹೋಗುತ್ತದೆ. ಯುಪಿಐನ 12 ಅಂಕಿಯ ಸಂಖ್ಯೆ ಇದಕ್ಕಷ್ಟೇ ಸಾಕ್ಷಿ. ಎರಡನೆಯದರಲ್ಲಿ ಆ್ಯಪ್‌ನವರು ನಿಮ್ಮ ನಂಬರಿಗೆ ಪ್ಲಾನ್ ಹಾಕುವಂತೆ ಕಂಪನಿಗೆ ಸೂಚನೆ ಕಳಿಸುತ್ತಾರೆ. ಕಂಪನಿಯ ಲೆಕ್ಕದಲ್ಲಿ ಸಿಗುವುದು ಈ ಎರಡನೆಯದು.

ಹಾಗಾಗಿ ಆ್ಯಪ್‌ನ ಹಳೆಯ ವ್ಯವಹಾರಗಳ ಪಟ್ಟಿಯಲ್ಲಿ ಆ ರೀಚಾರ್ಜ್ ತೆರೆಯಿರಿ. ಹಾಕಿದ ನಂಬರ್ ನಿಮ್ಮದೇ ಎಂದು ಅಂಕಿ ಅಂಕಿಯಾಗಿ ನೋಡಿಕೊಳ್ಳಿ. ಹಳೆಯ ಪ್ಲಾನ್ ಇನ್ನೂ ಮುಗಿದಿಲ್ಲವಾದರೆ ಹೊಸದು ಸರದಿಯಲ್ಲಿ ಕಾದಿರಬಹುದು. ಕಂಪನಿಯ ಆ್ಯಪ್‌ನಲ್ಲಿ ಅದು ಕಾಣುತ್ತದೆ. ಅಲ್ಲಿಯೂ ಇಲ್ಲವೆಂದರೆ, ಪಾವತಿ ಆ್ಯಪ್‌ನಲ್ಲಿ ಕಂಪನಿ ಕೊಟ್ಟ ಉಲ್ಲೇಖ ಸಂಖ್ಯೆ ಇದೆಯೇ ನೋಡಿ. ಇದ್ದರೆ ಕಂಪನಿಗೆ ಅದನ್ನೇ ಹೇಳಿ. ಇಲ್ಲದಿದ್ದರೆ ಸೂಚನೆ ಕಂಪನಿಯನ್ನು ಮುಟ್ಟಿರುವುದು ಅನುಮಾನ. ಆಗ ಆರ್ಡರ್ ಸಂಖ್ಯೆ ಹಿಡಿದು ಆ್ಯಪ್‌ನವರಿಂದಲೇ ಹಣ ಕೇಳಬೇಕು. ಒಂದು ವೇಳೆ ಪಾವತಿಯೇ ಅರ್ಧಕ್ಕೆ ನಿಂತಿದ್ದರೆ, ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್ ಸುತ್ತೋಲೆಯ ಪ್ರಕಾರ ಹಣ 5 ದಿನದೊಳಗೆ ಮರಳಬೇಕಿತ್ತು, ತಪ್ಪಿದರೆ ದಿನಕ್ಕೆ 100 ರೂಪಾಯಿ ಪರಿಹಾರ. ನಿಮ್ಮದು ‘ಯಶಸ್ವಿ’ಯಾದ ಪಾವತಿ, ಆ ದಾರಿ ನಿಮಗಿಲ್ಲ.

ಈ ಊರಿನ ರೀಚಾರ್ಜ್ ಅಂಗಡಿಗಳು ನನಗೆ ನೆನಪಾಗುತ್ತವೆ. ಅಂಗಡಿಯವರು ಉದ್ದನೆಯ ಪುಸ್ತಕದಲ್ಲಿ ನಂಬರ್, ಮೊತ್ತ ಬರೆದುಕೊಳ್ಳುತ್ತಿದ್ದರು. ಸಂದೇಶ ಬರದಿದ್ದರೆ ಅವರೇ ಕಂಪನಿಗೆ ಫೋನ್ ಮಾಡುತ್ತಿದ್ದರು, ನಾವು ಎದುರಿಗೇ ನಿಂತಿರುತ್ತಿದ್ದೆವು. ಈಗ ಹಣ ಪಡೆಯಲು ಒಂದು ಕ್ಷಣ ಸಾಕು. ದೂರು ಕೇಳಲು ಮಾತ್ರ ‘ಒಂದನ್ನು ಒತ್ತಿ, ಎರಡನ್ನು ಒತ್ತಿ’ ಎನ್ನುವ ಯಂತ್ರ. ಈ ಯಂತ್ರಕ್ಕೆ ಸೋತು ಫೋನ್ ಇಟ್ಟವರು ಎಷ್ಟು ಜನರೋ! ಕಸ್ಟಮರ್ ಕೇರ್ ಸಂಖ್ಯೆಯನ್ನು ಅಂತರ್ಜಾಲದಲ್ಲಿ ಹುಡುಕಲು ಹೋಗಿ ವಂಚಕರ ಕೈಗೆ ಒಟಿಪಿ ಕೊಟ್ಟವರೂ ಇದ್ದಾರೆ.

ಕಂಪನಿಗೆ ದೂರು ಕೊಡಲು ನಿಮ್ಮ ಮೊಬೈಲಿನಿಂದ 198ಕ್ಕೆ ಕರೆ ಮಾಡಿ, ಹಣ ಕೊಡಬೇಕಿಲ್ಲ. ‘ನೋಡುತ್ತೇವೆ ಮೇಡಂ’ ಎಂಬ ಮಾತಿಗೆ ತೃಪ್ತರಾಗಬೇಡಿ. ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್‌ನ 2012ರ ನಿಯಮದಂತೆ ಪ್ರತಿ ದೂರಿಗೂ ಡಾಕೆಟ್ ಸಂಖ್ಯೆ, ಅಂದರೆ ದೂರಿನ ಸಂಖ್ಯೆ, ಕೊಡಲೇಬೇಕು. ಅದನ್ನು ಬರೆದಿಟ್ಟುಕೊಳ್ಳಿ. ಪರಿಹಾರ ಸಿಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಶುಲ್ಕವಿಲ್ಲದೆ ಹೋಗಬಹುದು, ಅವರು 39 ದಿನದೊಳಗೆ ತೀರ್ಮಾನಿಸಬೇಕು. ಡಾಕೆಟ್ ಸಂಖ್ಯೆ ಇಲ್ಲದವರ ಮೇಲ್ಮನವಿಗೆ ಆಧಾರವೇ ಇರುವುದಿಲ್ಲ. ಅಲ್ಲಿಯೂ ಆಗದಿದ್ದರೆ ನಮ್ಮ ಜಿಲ್ಲಾ ಗ್ರಾಹಕರ ಆಯೋಗವಿದೆ. ದೂರಸಂಪರ್ಕ ಕಂಪನಿಗಳ ವಿರುದ್ಧದ ದೂರನ್ನು ಅಲ್ಲಿ ಕೇಳಬಹುದೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ಆ್ಯಪ್‌ನವರು ಸತಾಯಿಸಿದರೆ 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ, ಕರೆ ಮಾಡಿ.