ಸ್ಪ್ಯಾನಿಷ್‌ನಲ್ಲಿ ಸಬ್‌ಜಂಕ್ಟಿವ್ ಎಲ್ಲಿ ಬರುತ್ತೆ ಅಂತ ಗುರುತಿಸೋದು ಹೇಗೆ?

ಪ್ರಶ್ನೆ: ಸ್ಪ್ಯಾನಿಷ್ ಕಲಿತಿದ್ದೀನಿ. ಸಬ್‌ಜಂಕ್ಟಿವ್ ಅನ್ನೋ ಕ್ರಿಯಾಪದದ ರೂಪ ಯಾವಾಗ ಹಾಕಬೇಕು ಅಂತ ತಿಳಿಯಲ್ಲ. ಗುರುತು ಹಿಡಿಯೋಕೆ ಪದಗಳು ಇದಾವಾ? ಫ್ರೆಂಚ್, ಇಟಾಲಿಯನ್‌ಗೂ ಅವೇ ನಡೆಯುತ್ತಾ?

ಮೊದಲು ವಾಕ್ಯದಲ್ಲಿ ನಮ್ಮ "ಅಂತ"ದ ಹಾಗೆ ಎರಡು ಭಾಗ ಜೋಡಿಸೋ "ಕೆ" ಹುಡುಕಿ. ಅದರ ಎರಡು ಕಡೆ ಕರ್ತೃ ಬೇರೆಬೇರೆ ಇದ್ದು, ಎಡಗಡೆ ಆಸೆ, ಅಪ್ಪಣೆ, ಅನುಮಾನ ಅಥವಾ ಭಾವನೆ ಇದ್ದರೆ ಬಲಗಡೆ ಸಬ್‌ಜಂಕ್ಟಿವ್. "ಕ್ಯೇರೊ ಕೊಮೆರ್" ಅಂದ್ರೆ ನನಗೇ ಊಟ ಮಾಡಬೇಕು. ಕರ್ತೃ ಒಬ್ಬನೇ, ಆದ್ದರಿಂದ ಬರೀ ಮೂಲರೂಪ. "ಕ್ಯೇರೊ ಕೆ ಆನಾ ಕೋಮಾ" ಅಂದ್ರೆ ಆನಾ ಊಟ ಮಾಡಲಿ ಅಂತ ನನ್ನ ಆಸೆ. ನಮ್ಮ "ಮಾಡಲಿ, ಬರಲಿ" ಇಲ್ಲಿ ಚೆನ್ನಾಗಿ ಹೊಂದುತ್ತೆ, ಆದರೆ ಎಲ್ಲ ಕಡೆಯೂ ಅಲ್ಲ.

ರೂಪ ಗುರುತಿಸೋಕೆ ಕೊನೆಯ ಸ್ವರ ನೋಡಿ, ಅದಲುಬದಲಾಗಿರುತ್ತೆ. "ಆಬ್ಲಾ" (ಮಾತಾಡ್ತಾನೆ) "ಆಬ್ಲೆ" ಆಗುತ್ತೆ, "ಕೋಮೆ" (ತಿನ್ನುತ್ತಾನೆ) "ಕೋಮಾ" ಆಗುತ್ತೆ.

"ಓಹಾಲಾ" (ಹಾಗಾಗಲಿ ಅನ್ನೋ ಹಾರೈಕೆ, ಅರಬ್ಬಿ ಮೂಲದ್ದು), "ಪಾರಾ ಕೆ" (ಆಗಲಿ ಅಂತ), "ಆಂತೆಸ್ ದೆ ಕೆ" (ಮುಂಚೆ), "ಸಿನ್ ಕೆ" (ಆಗದೆ), ಇವು ಬಂದರೆ ಯೋಚನೆಯೇ ಬೇಡ, ಸಬ್‌ಜಂಕ್ಟಿವ್ ಖಚಿತ.

ಅನುಮಾನ ಇದ್ದರೆ ಮಾತ್ರ ಸಬ್‌ಜಂಕ್ಟಿವ್ ಅಂತ ಕೆಲವರು ಹೇಳಿಕೊಡ್ತಾರೆ, ಅದು ಅರ್ಧಸತ್ಯ. "ಮೆ ಅಲೇಗ್ರೊ ದೆ ಕೆ ಎಸ್ತೆಸ್ ಆಕಿ", ನೀನು ಇಲ್ಲಿರೋದು ನನಗೆ ಖುಷಿ. ಇಲ್ಲಿರೋದರಲ್ಲಿ ಅನುಮಾನವೇ ಇಲ್ಲ, ಆದರೂ "ಎಸ್ತಾಸ್" ಅಲ್ಲ, "ಎಸ್ತೆಸ್". ಭಾವನೆಯೇ ಸಾಕು.

ಹೆಚ್ಚು ಜನ ಎಡವೋದು "ಕ್ವಾಂದೊ" (ಯಾವಾಗ, -ಆಗ) ಹತ್ತಿರ. ದಿನಾ ನಡೆಯೋ ವಿಷಯವಾದರೆ ಸಾಮಾನ್ಯ ರೂಪ: "ಕ್ವಾಂದೊ ಯೇಗಾಸ್ ಆ ಕಾಸಾ, ಕೋಮೆಸ್", ಮನೆಗೆ ಹೋದಾಗ ತಿಂತೀಯ. ಇನ್ನೂ ನಡೆಯದ ವಿಷಯವಾದರೆ "ಕ್ವಾಂದೊ ಯೇಗೆಸ್ ಆ ಕಾಸಾ, ಯಾಮಮೆ", ಮನೆ ಮುಟ್ಟಿದಾಗ ಫೋನ್ ಮಾಡು. ಕನ್ನಡದಲ್ಲಿ ಎರಡಕ್ಕೂ "-ಆಗ" ಅಂತಲೇ ಬರೋದರಿಂದ ನಮಗೆ ವ್ಯತ್ಯಾಸ ಕಾಣಲ್ಲ. ಕೆಲಸ ಇನ್ನೂ ಮುಂದಿದೆಯಾ ಅಂತ ಕೇಳಿಕೊಳ್ಳಿ. "ಹೌದು" ಅಂದ್ರೆ ಸಬ್‌ಜಂಕ್ಟಿವ್. "ಸಿ" (-ರೆ) ಇದ್ದಾಗ ಮಾತ್ರ ಈ ಉಪಾಯ ಕೈಕೊಡುತ್ತೆ: "ಸಿ ಯೇಗಾಸ್" ಅಂತಲೇ ಹೇಳ್ತಾರೆ, "ಸಿ ಯೇಗೆಸ್" ತಪ್ಪು.

ಪಕ್ಕದ ಭಾಷೆಗಳಿಗೆ ಪಟ್ಟಿಯನ್ನ ಹಾಗೇ ಒಯ್ಯಬೇಡಿ. ಸ್ಪ್ಯಾನಿಷ್‌ನ "ಎಸ್ಪೇರೊ ಕೆ" (ಆಶಿಸ್ತೀನಿ) ಸಬ್‌ಜಂಕ್ಟಿವ್ ಕೇಳುತ್ತೆ, ಫ್ರೆಂಚ್‌ನ "ಜೆಸ್ಪೇರ್ ಕ" ಸಾಮಾನ್ಯವಾಗಿ ಕೇಳಲ್ಲ. ಅಲ್ಲಿ ಕಣ್ಣುಮುಚ್ಚಿ ನೆಚ್ಚಬಹುದಾದ ಗುರುತು "ಇಲ್ ಫೋ ಕ" (ಆಗಲೇಬೇಕು). ನಂಬೋದರ ವಿಷಯದಲ್ಲಿ ಇಟಾಲಿಯನ್ ದಾರಿಯೇ ಬೇರೆ. ಸ್ಪ್ಯಾನಿಷ್‌ನಲ್ಲಿ "ಕ್ರೇಯೊ ಕೆ ಎಸ್" ಸಾಮಾನ್ಯ ರೂಪ, "ನೊ ಕ್ರೇಯೊ ಕೆ ಸೇಯಾ" ಅಂತ ಅಲ್ಲಗಳೆದಾಗ ಮಾತ್ರ ಸಬ್‌ಜಂಕ್ಟಿವ್. ಇಟಾಲಿಯನ್‌ನಲ್ಲಿ ಅಲ್ಲಗಳೆಯದಿದ್ದರೂ "ಕ್ರೇದೊ ಕೆ ಸೀಯಾ" ಅಂತ ಬರೀತಾರೆ. ಆಡುಮಾತಿನಲ್ಲಿ ಇದನ್ನ ಬಿಡೋರೂ ಇದ್ದಾರೆ.