ಸುತ್ತೋಲೆ ಓದಿಸಿಕೊಳ್ಳಬೇಕಾದರೆ ಮೊದಲು ವಾಕ್ಯ ಮುರಿಯಿರಿ

ಪ್ರಶ್ನೆ: ನಾನು ಊರಿನ ಹಾಲು ಉತ್ಪಾದಕರ ಸಹಕಾರ ಸಂಘದ ಕಾರ್ಯದರ್ಶಿ. ತಿಂಗಳಿಗೊಮ್ಮೆ ಎರಡು ಪುಟದ ಸುತ್ತೋಲೆ ಮಾಡಿ ಡೇರಿಯಲ್ಲಿ ಹಂಚುತ್ತೇವೆ, ವಾಟ್ಸಾಪ್‌ನಲ್ಲೂ ಹಾಕುತ್ತೇವೆ. ಎಲ್ಲ ವಿಷಯ ಬರೆದಿರುತ್ತೇವೆ. ಆದರೂ ಸದಸ್ಯರು ಫೋನ್ ಮಾಡಿ ಅದನ್ನೇ ಕೇಳುತ್ತಾರೆ. ಪ್ಯಾರಾಗಳು ದಟ್ಟವಾಗಿವೆ, ಉಪಶೀರ್ಷಿಕೆ ಹಾಕಿ ಅಂತ ಒಬ್ಬರು ಹೇಳಿದರು. ಅಷ್ಟು ಮಾಡಿದರೆ ಸಾಕಾ? ಹೋದ ಸಂಚಿಕೆ ಕಳಿಸಿದ್ದೇನೆ.

ಉತ್ತರ: ಸಾಲದು. ಉಪಶೀರ್ಷಿಕೆ ಕೊನೆಗೆ ಬರಲಿ. ಮೊದಲು ವಾಕ್ಯಗಳನ್ನು ನೋಡೋಣ. ನಿಮ್ಮ ಸಂಚಿಕೆಯ ಮೊದಲ ಪ್ಯಾರಾ ಇಡೀ ಒಂದೇ ವಾಕ್ಯ:

"ಸಂಘದ ಎಲ್ಲ ಸದಸ್ಯರ ಗಮನಕ್ಕೆ ತರಬಯಸುವುದೇನೆಂದರೆ, ಪಶುಪಾಲನಾ ಇಲಾಖೆಯ ಸಹಯೋಗದೊಂದಿಗೆ ಇದೇ ತಿಂಗಳ 14ರಂದು ಬೆಳಿಗ್ಗೆ 7 ಗಂಟೆಗೆ ಡೇರಿ ಆವರಣದಲ್ಲಿ ಹಮ್ಮಿಕೊಳ್ಳಲಾಗಿರುವ ಕಾಲುಬಾಯಿ ರೋಗದ ಲಸಿಕೆ ಕಾರ್ಯಕ್ರಮಕ್ಕೆ ನಾಲ್ಕು ತಿಂಗಳು ತುಂಬಿದ ಕರುಗಳೂ ಸೇರಿದಂತೆ ತಮ್ಮ ಎಲ್ಲ ದನ ಎಮ್ಮೆಗಳನ್ನು ಕರೆತಂದು, ಕಿವಿಗೆ ಓಲೆ ಇಲ್ಲದ ರಾಸುಗಳಿಗೆ ಅಲ್ಲೇ ಓಲೆ ಹಾಕಿಸಿ, ತುಂಬು ಗಬ್ಬದ ಅಥವಾ ಕಾಯಿಲೆ ಬಿದ್ದ ರಾಸುಗಳಿದ್ದಲ್ಲಿ ಮುಂಚಿತವಾಗಿ ವೈದ್ಯರ ಗಮನಕ್ಕೆ ತಂದು, ಲಸಿಕೆಯ ನಂತರ ಒಂದೆರಡು ದಿನ ಹಾಲು ಕಡಿಮೆಯಾಗುವ ಸಾಧ್ಯತೆಯಿದ್ದು ಗಾಬರಿಯಾಗದೆ ಸಹಕರಿಸಬೇಕಾಗಿ ಕೋರಲಾಗಿದೆ."

ಇದರಲ್ಲಿ ತಪ್ಪು ಮಾಹಿತಿ ಒಂದೂ ಇಲ್ಲ. ತೊಂದರೆ ಕಟ್ಟಿದ ರೀತಿಯಲ್ಲಿದೆ. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ಅದು ಬರುವವರೆಗೆ ಹಿಂದಿನದನ್ನೆಲ್ಲ ಓದುಗರು ತಲೆಯಲ್ಲಿ ಹಿಡಿದುಕೊಂಡೇ ಇರಬೇಕು. ಇಲ್ಲಿ ಅಷ್ಟು ದೂರ ಹಿಡಿದುಕೊಂಡು ಬಂದವರಿಗೆ ಸಿಗುವುದು "ಕೋರಲಾಗಿದೆ". ದಿನಾಂಕ, ಕರುವಿನ ವಯಸ್ಸು ಎರಡೂ ಅಷ್ಟರಲ್ಲಿ ಮರೆತಿರುತ್ತವೆ.

ಮುರಿಯುವ ಜಾಗ ಹುಡುಕುವುದು ಸುಲಭ. "ಕರೆತಂದು", "ಹಾಕಿಸಿ", "ಸಾಧ್ಯತೆಯಿದ್ದು" ಎಂಬಂಥ ಅರ್ಧ ಕ್ರಿಯಾಪದಗಳ ಕೆಳಗೆ ಪೆನ್ಸಿಲ್‌ನಲ್ಲಿ ಗೆರೆ ಎಳೆಯಿರಿ. ಒಂದು ವಾಕ್ಯದಲ್ಲಿ ಅಂಥವು ಎರಡಕ್ಕಿಂತ ಜಾಸ್ತಿ ಇದ್ದರೆ ಅಲ್ಲಿ ನಿಲ್ಲಿಸಿ. "ಕರೆತಂದು" ಎಂಬುದನ್ನು "ಕರೆತನ್ನಿ" ಮಾಡಿ, ಚುಕ್ಕಿ ಇಡಿ. "ಇದ್ದು" ಇರುವ ಕಡೆ ವಿಶೇಷ ಗಮನ ಕೊಡಿ. ಸಂಬಂಧವೇ ಇಲ್ಲದ ಎರಡು ಮಾತುಗಳನ್ನು ಅದು ಸುಮ್ನೆ ಅಂಟಿಸಿಬಿಡುತ್ತದೆ. ಹಾಲು ಇಳಿಯುವ ಮಾತಿಗೂ ಓಲೆ ಹಾಕಿಸುವುದಕ್ಕೂ ಏನು ಸಂಬಂಧ, ಅಲ್ವಾ?

"ತನ್ನಿ", "ಹೇಳಿ" ಅಂತ ಬರೆದರೆ ಹಿರಿಯರಿಗೆ ಒರಟಾಗಿ ಕೇಳುತ್ತದೆ ಎಂಬ ಅಳುಕು ಬೇಡ. ಅದು ಬಹುವಚನ, ಗೌರವ ಅದರಲ್ಲೇ ಇದೆ. ಬೇಕಿದ್ದರೆ ಮೊದಲ ವಾಕ್ಯದಲ್ಲಿ ಒಂದು "ದಯವಿಟ್ಟು" ಸೇರಿಸಿ.

ಹೀಗೆ ಮುರಿದಾಗ ಇನ್ನೊಂದು ಸಂಗತಿ ಬಯಲಿಗೆ ಬಂತು. ಕಾಯಿಲೆ ಬಿದ್ದ ರಾಸಿನ ಬಗ್ಗೆ ವೈದ್ಯರಿಗೆ ಹೇಳಿ ಅಂದಿದ್ದೀರಿ. ಆದರೆ ಅದನ್ನು ಡೇರಿಗೆ ತರಬೇಕೋ ಬೇಡವೋ ಅಂತ ಹೇಳಿಲ್ಲ. ಕಾಲುಬಾಯಿ ಸೋಂಕು ಬೇಗ ಹರಡುವಂಥದ್ದು. ಜ್ವರ ಬಂದು ಜೊಲ್ಲು ಸುರಿಸುತ್ತಿರುವ ಹಸುವನ್ನು ಊರಿನ ರಾಸುಗಳೆಲ್ಲ ಸೇರುವ ಜಾಗಕ್ಕೆ ತಂದರೆ ಅಪಾಯ. ಉದ್ದ ವಾಕ್ಯದಲ್ಲಿ ಈ ಕೊರತೆ ಮುಚ್ಚಿಹೋಗಿತ್ತು. ಈಗ ನಾನು ಬರೆದಿರುವುದನ್ನು ಒಮ್ಮೆ ನಿಮ್ಮ ಪಶುವೈದ್ಯರಿಗೆ ತೋರಿಸಿ, ಅವರು ಒಪ್ಪಿದ ಮೇಲೆ ಅಚ್ಚು ಹಾಕಿ:

14ರ ಬೆಳಿಗ್ಗೆ 7ಕ್ಕೆ ಡೇರಿಯಲ್ಲಿ ಕಾಲುಬಾಯಿ ಲಸಿಕೆ

ದಯವಿಟ್ಟು ನಿಮ್ಮ ದನ, ಎಮ್ಮೆಗಳನ್ನೆಲ್ಲ ಕರೆತನ್ನಿ. ನಾಲ್ಕು ತಿಂಗಳು ತುಂಬಿದ ಕರುಗಳಿಗೂ ಲಸಿಕೆ ಹಾಕಿಸಬೇಕು. ಪಶುಪಾಲನಾ ಇಲಾಖೆಯವರು ಬಂದು ಹಾಕುತ್ತಾರೆ.

- ಓಲೆ ಇಲ್ಲದ ರಾಸು: ಕರೆತನ್ನಿ, ಅಲ್ಲೇ ಓಲೆ ಹಾಕುತ್ತಾರೆ.
- ತುಂಬು ಗಬ್ಬದ ರಾಸು: ಲಸಿಕೆಗೆ ಮೊದಲೇ ವೈದ್ಯರಿಗೆ ಹೇಳಿ.
- ಕಾಯಿಲೆ ಬಿದ್ದ ರಾಸು: ಮನೆಯಲ್ಲೇ ಕಟ್ಟಿ, ವೈದ್ಯರಿಗೆ ತಿಳಿಸಿ.

ಹಾಲು ಇಳಿದರೆ ಗಾಬರಿ ಬೇಡ

ಲಸಿಕೆ ಹಾಕಿಸಿದ ಮೇಲೆ ಒಂದೆರಡು ದಿನ ಹಾಲು ಸ್ವಲ್ಪ ಕಡಿಮೆಯಾಗಬಹುದು. ಆಮೇಲೆ ಸರಿಹೋಗುತ್ತದೆ.

ಕೊನೆಯ ಮಾತಿಗೆ ಬೇರೆ ಶೀರ್ಷಿಕೆ ಕೊಟ್ಟಿರುವುದಕ್ಕೆ ಕಾರಣ ಇದೆ. ಹಾಲು ಇಳಿಯುತ್ತದೆ ಎಂಬ ಭಯದಿಂದಲೇ ಕೆಲವರು ಲಸಿಕೆ ಬೇಡ ಅನ್ನುತ್ತಾರೆ. ಅವರ ಕಣ್ಣಿಗೆ ಅದು ಮೊದಲು ಬೀಳಬೇಕು. ನೀವು ಅದನ್ನು ವಾಕ್ಯದ ತುದಿಯಲ್ಲಿ ಅಡಗಿಸಿದ್ದಿರಿ.

ಮೇಲಿನ ಶೀರ್ಷಿಕೆಯನ್ನೂ ಗಮನಿಸಿ. "ಲಸಿಕಾ ಕಾರ್ಯಕ್ರಮ" ಅಂತಷ್ಟೇ ಬರೆದಿದ್ದರೆ ಅದು ವಿಷಯದ ಹೆಸರು ಮಾತ್ರ. ಸುದ್ದಿ ತಿಳಿಯಲು ಕೆಳಗಿನ ಪ್ಯಾರಾ ಓದಲೇಬೇಕು. ಎಷ್ಟೋ ಜನ ಓದುವುದಿಲ್ಲ. ದಿನ, ಹೊತ್ತು, ಜಾಗ ಶೀರ್ಷಿಕೆಗೇ ಬಂದರೆ ಅಷ್ಟನ್ನೇ ನೋಡಿದವರೂ ರಾಸು ಹಿಡಿದುಕೊಂಡು ಬರುತ್ತಾರೆ. ಪ್ಯಾರಾಗಳನ್ನೆಲ್ಲ ಕೈಯಲ್ಲಿ ಮುಚ್ಚಿ, ಶೀರ್ಷಿಕೆಗಳನ್ನಷ್ಟೇ ಓದಿ ನೋಡಿ. ಈ ತಿಂಗಳು ಏನೇನಿದೆ ಅಂತ ಗೊತ್ತಾಗದಿದ್ದರೆ ಶೀರ್ಷಿಕೆ ಬದಲಿಸಿ.

ಪಟ್ಟಿಯಲ್ಲಿ ಪ್ರತಿ ಸಾಲಿನ ಮೊದಲಿಗೆ ರಾಸಿನ ಸ್ಥಿತಿ ಇಟ್ಟಿದ್ದೇನೆ. ಓದುವವರು ತಮ್ಮ ಹಸುವಿಗೆ ಹೊಂದುವ ಸಾಲನ್ನು ಮಾತ್ರ ಹುಡುಕುತ್ತಾರೆ, ಬೇರೆಯದನ್ನು ಬಿಡುತ್ತಾರೆ. ಹಾಗೆ ಆರಿಸಿಕೊಳ್ಳುವಂಥ ಮಾತುಗಳಿಗೆ, ಅಥವಾ ಒಂದಾದ ಮೇಲೊಂದು ಮಾಡಬೇಕಾದ ಕೆಲಸಗಳಿಗೆ ಮಾತ್ರ ಪಟ್ಟಿ ಸರಿ. ಎಲ್ಲವನ್ನೂ ಪಟ್ಟಿ ಮಾಡಬೇಡಿ. ನಿಮ್ಮ ಎರಡನೇ ಪುಟದಲ್ಲಿ ಮಳೆಗಾಲದಲ್ಲಿ ಹಾಲಿನ ಕೊಬ್ಬಿನಂಶ ಯಾಕೆ ಇಳಿಯುತ್ತದೆ ಅಂತ ಬರೆದಿದ್ದೀರಿ. ಎಳೆ ಹಸಿ ಹುಲ್ಲು ಮಾತ್ರ ತಿಂದರೆ ಹೊಟ್ಟೆಗೆ ನಾರು ಸಾಲುವುದಿಲ್ಲ, ನಾರು ಸಾಲದಿದ್ದರೆ ಕೊಬ್ಬಿನಂಶ ಇಳಿಯುತ್ತದೆ, ಆದ್ದರಿಂದ ಜೊತೆಗೆ ಒಣಹುಲ್ಲು ಹಾಕಬೇಕು. ಇದನ್ನು "ಹಸಿ ಹುಲ್ಲು, ನಾರು, ಕೊಬ್ಬಿನಂಶ, ಒಣಹುಲ್ಲು" ಅಂತ ನಾಲ್ಕು ಚುಕ್ಕೆ ಮಾಡಿದರೆ "ಯಾಕೆ" ಎಂಬುದೇ ಬಿದ್ದುಹೋಗುತ್ತದೆ. ಅದು ಪ್ಯಾರಾ ಆಗಿಯೇ ಇರಲಿ. ವಾಕ್ಯಗಳು ಚಿಕ್ಕದಾಗಲಿ, ಆದರೆ "ಆದ್ದರಿಂದ", "ಇಲ್ಲದಿದ್ದರೆ" ಎಂಬ ಕೊಂಡಿಗಳನ್ನು ಕತ್ತರಿಸಬೇಡಿ.

ಅಚ್ಚಿನ ಬಗ್ಗೆ ಎರಡು ಮಾತು. ಕನ್ನಡದ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ. ಸಾಲುಗಳನ್ನು ಒತ್ತಿ ಕೂರಿಸಿದರೆ ಅವು ಕೆಳಗಿನ ಸಾಲಿನ ಗುಡಿಸು, ತಲೆಕಟ್ಟುಗಳಿಗೆ ತಾಗಿ ಪುಟವೇ ಕಪ್ಪಾಗಿ ಕಾಣುತ್ತದೆ. ನಿಮ್ಮ ಪುಟದಲ್ಲಿ ಆಗಿರುವುದು ಅದೇ. ಸಾಲಿನ ಅಂತರ 1.3ರಿಂದ 1.5 ಇಡಿ. ಅಕ್ಷರ 12 ಪಾಯಿಂಟ್ ಇದ್ದರೆ ಶೀರ್ಷಿಕೆ 14 ಅಥವಾ 15 ಇರಲಿ, ಶೀರ್ಷಿಕೆಯ ಮೇಲೆ ಜಾಸ್ತಿ ಜಾಗ, ಕೆಳಗೆ ಕಮ್ಮಿ. ಪ್ಯಾರಾದ ಒಳಗೆ ಅಲ್ಲಲ್ಲಿ ದಪ್ಪಕ್ಷರ ಮಾಡಿದ್ದೀರಿ, ತೆಗೆದುಬಿಡಿ. ಚಿಕ್ಕ ಗಾತ್ರದಲ್ಲಿ ದಪ್ಪ ಮಾಡಿದರೆ ಕನ್ನಡ ಅಕ್ಷರದ ಸುರುಳಿಗಳು ಮುಚ್ಚಿಕೊಳ್ಳುತ್ತವೆ.

ಇಷ್ಟು ಜಾಗ ಬಿಟ್ಟರೆ ಎರಡು ಪುಟ ಮೂರಾಗುತ್ತದೆ ಅನಿಸಬಹುದು. "ಗಮನಕ್ಕೆ ತರಬಯಸುವುದೇನೆಂದರೆ", "ಹಮ್ಮಿಕೊಳ್ಳಲಾಗಿರುವ" ಇವೆಲ್ಲ ಹೋದರೆ ಬೇಕಾದ ಜಾಗದ ಬಹುಪಾಲು ಅಲ್ಲೇ ಸಿಗುತ್ತದೆ. ಇನ್ನೂ ಸಾಲದಿದ್ದರೆ ಒಂದು ವಿಷಯವನ್ನು ಮುಂದಿನ ತಿಂಗಳಿಗೆ ಇಡಿ.

ವಾಟ್ಸಾಪ್‌ಗೆ ಎ4 ಪುಟದ ಪಿಡಿಎಫ್ ಹಾಕಿದರೆ ಫೋನಿನಲ್ಲಿ ಬೆರಳಿನಿಂದ ಹಿಗ್ಗಿಸಿ, ಅತ್ತಿತ್ತ ಸರಿಸಿ ಓದಬೇಕು. ಅದರ ಬದಲು ಒಂದೊಂದು ವಿಷಯವನ್ನು ಬೇರೆ ಬೇರೆ ಸಂದೇಶವಾಗಿ ಕಳಿಸಿ. ಅಲ್ಲಿ ಶೀರ್ಷಿಕೆಗೆ ಪ್ರತ್ಯೇಕ ಸೌಲಭ್ಯ ಇಲ್ಲ. ಸಾಲಿನ ಎರಡೂ ತುದಿಗೆ ನಕ್ಷತ್ರ ಹಾಕಿದರೆ ದಪ್ಪವಾಗುತ್ತದೆ, ಅಡ್ಡಗೆರೆ ಹಾಕಿ ಒಂದು ಜಾಗ ಬಿಟ್ಟರೆ ಪಟ್ಟಿಯಾಗುತ್ತದೆ:

```
*14ರ ಬೆಳಿಗ್ಗೆ 7ಕ್ಕೆ ಡೇರಿಯಲ್ಲಿ ಕಾಲುಬಾಯಿ ಲಸಿಕೆ*
- ಓಲೆ ಇಲ್ಲದ ರಾಸು: ಕರೆತನ್ನಿ
```

ಹಂಚುವ ಮೊದಲು, ಬೆಳಿಗ್ಗೆ ಹಾಲು ಹಾಕಲು ಬಂದವರಲ್ಲಿ ಇಬ್ಬರಿಗೆ ಕರಡು ಕೊಡಿ. "ನಿಮ್ಮ ಗಬ್ಬದ ಹಸುವಿಗೆ ಏನು ಮಾಡಬೇಕು?" ಅಂತ ಕೇಳಿ. ಅವರ ಕಣ್ಣು ನೇರ ಆ ಸಾಲಿಗೆ ಹೋದರೆ ಅಚ್ಚಿಗೆ ಕಳಿಸಿ. ಮೊದಲಿನಿಂದ ಓದಲು ಶುರು ಮಾಡಿದರೆ ಆ ಭಾಗವನ್ನು ಇನ್ನೊಮ್ಮೆ ಬರೆಯಿರಿ.