ಎಲ್ಲರೂ ಮೇಲೆ ಬಂದರು, ಅಂತರ ಹಾಗೇ ಉಳಿಯಿತೇ?

ಪ್ರಶ್ನೆ: ನಮ್ಮದು ತಾಲ್ಲೂಕು ಕೇಂದ್ರ. ನನ್ನ ಓರಗೆಯವರು ಹೆಚ್ಚುಕಡಿಮೆ ಎಲ್ಲರೂ ಅಪ್ಪಂದಿರಿಗಿಂತ ಚೆನ್ನಾಗಿದ್ದಾರೆ. ಕೂಲಿಯವರ ಮಕ್ಕಳು ಮೇಷ್ಟ್ರಾಗಿದ್ದಾರೆ, ಬ್ಯಾಂಕಿನಲ್ಲಿದ್ದಾರೆ. ಆದರೆ ಸಮಾಜಶಾಸ್ತ್ರದ ಪಾಠದಲ್ಲಿ ಮೇಲು-ಕೆಳಗು ಅಷ್ಟೇನೂ ಬದಲಾಗಿಲ್ಲ ಅಂತಾರೆ. ಯಾವುದು ನಿಜ?

ಉತ್ತರ: ಎರಡೂ ಒಟ್ಟಿಗೇ ನಿಜವಾಗಿರಬಹುದು. ಮಗ ಅಪ್ಪನಿಗಿಂತ ಮೇಲೆ ಬಂದನೇ ಎಂಬುದು ಒಂದು ವಿಷಯ. ಕೂಲಿಯವರ ಮಗನಿಗೂ ಸಾಹುಕಾರರ ಮಗನಿಗೂ ನಡುವಿನ ಪೈಪೋಟಿ ಸಮವಾಯಿತೇ ಎಂಬುದು ಬೇರೆಯೇ ವಿಷಯ. ಮೊದಲನೆಯದು ಆಗಲು ಊರು ಬೆಳೆದರೆ ಸಾಕು. ಕಾಲೇಜು, ಬ್ಯಾಂಕು, ಆಸ್ಪತ್ರೆ ಬಂದಾಗ ಕುರ್ಚಿಯ ಕೆಲಸಗಳು ಹೆಚ್ಚುತ್ತವೆ. ಸಾಹುಕಾರರ ಮಕ್ಕಳಷ್ಟೇ ಅವನ್ನೆಲ್ಲ ತುಂಬಲಾರರು, ಮಿಕ್ಕವು ಬೇರೆಯವರಿಗೆ ಸಿಗಲೇಬೇಕು.

ಇದನ್ನು ಲೆಕ್ಕ ಹಾಕಿಯೇ ನೋಡೋಣ. ಅಂಕಿಗಳು ಕಲ್ಪಿತ, ಲೆಕ್ಕ ಸುಲಭವಾಗಲೆಂದು ಆರಿಸಿಕೊಂಡವು. ಒಂದು ಊರಿನಲ್ಲಿ ಅನುಕೂಲಸ್ಥರ ಮನೆಯ 100 ಮಕ್ಕಳು, ಕೂಲಿ ಮನೆಯ 100 ಮಕ್ಕಳು ಇದ್ದಾರೆನ್ನಿ. ಹಿಂದಿನ ತಲೆಮಾರಿನಲ್ಲಿ ಸಂಬಳದ ಒಳ್ಳೆ ಕೆಲಸ ಸಿಕ್ಕಿದ್ದು ಅನುಕೂಲಸ್ಥರ ಮನೆಯ 50 ಜನಕ್ಕೆ, ಕೂಲಿ ಮನೆಯ 10 ಜನಕ್ಕೆ. ಈಗಿನ ತಲೆಮಾರಿನಲ್ಲಿ ಅದು 75 ಮತ್ತು 25 ಆಗಿದೆ. ಕೂಲಿ ಮನೆಯವರ ಸಂಖ್ಯೆ ಎರಡೂವರೆ ಪಟ್ಟಾಯಿತು. ನೀವು ಕಣ್ಣಾರೆ ನೋಡುತ್ತಿರುವುದು ಇದನ್ನೇ. ಅದು ಸಣ್ಣ ಸಂಗತಿಯಲ್ಲ.

ಈಗ ಎರಡೂ ಕಡೆಯಿಂದ ಚೀಟಿ ಎತ್ತಿ ಒಬ್ಬೊಬ್ಬರನ್ನು ಜೋಡಿ ಮಾಡಿ. ಇಬ್ಬರಿಗೂ ಕೆಲಸ ಸಿಕ್ಕ ಜೋಡಿಯನ್ನೂ ಇಬ್ಬರಿಗೂ ಸಿಗದ ಜೋಡಿಯನ್ನೂ ಪಕ್ಕಕ್ಕಿಡಿ. ಒಬ್ಬರಿಗೆ ಸಿಕ್ಕು ಇನ್ನೊಬ್ಬರಿಗೆ ತಪ್ಪಿದ ಜೋಡಿಗಳನ್ನು ಮಾತ್ರ ನೋಡಿ. ಹೀಗೆ 400 ಸಲ ಎತ್ತಿದರೆ ಹಿಂದಿನ ತಲೆಮಾರಿನಲ್ಲಿ ಸರಾಸರಿ 180 ಜೋಡಿಗಳಲ್ಲಿ ಅನುಕೂಲಸ್ಥರ ಮಗು ಗೆಲ್ಲುತ್ತದೆ, 20ರಲ್ಲಿ ಕೂಲಿ ಮನೆಯ ಮಗು. ಈಗಿನ ತಲೆಮಾರಿನಲ್ಲಿ 225 ಮತ್ತು 25. ಎರಡು ಸಲವೂ ಒಂದಕ್ಕೆ ಒಂಬತ್ತು. ಕೆಲಸಗಳು ಹೆಚ್ಚಿದವು, ಎಲ್ಲರ ಪಾಲೂ ಹೆಚ್ಚಿತು, ಪೈಪೋಟಿ ಮಾತ್ರ ಕೂದಲೆಳೆಯಷ್ಟೂ ಬದಲಾಗಲಿಲ್ಲ. ಪಾಠದಲ್ಲಿ ಹೇಳುವ ‘ಬದಲಾಗಿಲ್ಲ’ ಸಾಮಾನ್ಯವಾಗಿ ಈ ಅರ್ಥದ್ದು.

ಇಲ್ಲೇ ಜನ ಎಡವುವುದು. ಇದೇ ಅಂಕಿಗಳಲ್ಲಿ 50 ಕಳೆ 10 ಅಂದರೆ 40, ಈಗ 75 ಕಳೆ 25 ಅಂದರೆ 50, ಆದ್ದರಿಂದ ಅಂತರ ಹೆಚ್ಚಿತು ಎಂದು ಒಬ್ಬರು ವಾದಿಸಬಹುದು. ಹಿಂದೆ ಐದು ಪಟ್ಟಿತ್ತು, ಈಗ ಮೂರೇ ಪಟ್ಟು, ಆದ್ದರಿಂದ ಕಡಿಮೆಯಾಯಿತು ಎಂದು ಇನ್ನೊಬ್ಬರು ವಾದಿಸಬಹುದು. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಆದರೆ ಆ ಎರಡೂ ಅಳತೆಗಳು ಒಟ್ಟು ಕೆಲಸಗಳು ಹೆಚ್ಚಿದ್ದಕ್ಕೇ ಅಲುಗಾಡುತ್ತವೆ. ಊರು ಬೆಳೆದದ್ದನ್ನೂ ಪೈಪೋಟಿ ಬದಲಾದದ್ದನ್ನೂ ಬೇರೆ ಬೇರೆ ಮಾಡಿ ತೋರಿಸುವುದು ಜೋಡಿ ಲೆಕ್ಕ. ಅದಕ್ಕೇ ಈ ಕ್ಷೇತ್ರದವರು ಅದನ್ನು ಹೆಚ್ಚು ನಂಬುತ್ತಾರೆ.

ಸಂಪತ್ತು ಬಂದರೂ ಕ್ರಮ ಉಳಿಯುವುದು ಹೇಗೆ ಎಂಬುದಕ್ಕೆ ಮಂಡ್ಯ ಸೀಮೆಯಲ್ಲೇ ಒಳ್ಳೆಯ ನಿದರ್ಶನವಿದೆ. ಸ್ಕಾರ್ಲೆಟ್ ಎಪ್ಸ್ಟೈನ್ ಎಂಬ ವಿದ್ವಾಂಸೆ 1950ರ ದಶಕದ ಮಧ್ಯದಲ್ಲಿ ಮಂಡ್ಯದ ಹತ್ತಿರದ ಎರಡು ಹಳ್ಳಿಗಳನ್ನು ಅಧ್ಯಯನ ಮಾಡಿದರು, 1970ರಲ್ಲಿ ಮತ್ತೆ ಬಂದು ನೋಡಿದರು. ಹಳ್ಳಿಗಳ ನಿಜ ಹೆಸರು ಮರೆಸಿ ವಂಗಲ, ದಲೇನ ಎಂದು ಕರೆದರು. ವಂಗಲಕ್ಕೆ ಕನ್ನಂಬಾಡಿ ನಾಲೆಯ ನೀರು ಬಂತು. ದಲೇನದ ಜಮೀನು ನಾಲೆಗಿಂತ ಎತ್ತರದಲ್ಲಿದ್ದುದರಿಂದ ಖುಷ್ಕಿಯಾಗಿಯೇ ಉಳಿಯಿತು.

ನೀರು ಬಂದ ಊರೇ ಹೆಚ್ಚು ಬದಲಾಗಿರಬೇಕು ಎಂದು ಯಾರಿಗಾದರೂ ಅನಿಸುತ್ತದೆ. ಆದದ್ದು ತಿರುಗುಮುರುಗು. ವಂಗಲದಲ್ಲಿ ಕಬ್ಬು, ಭತ್ತಕ್ಕೆ ಆಳುಗಳು ಮೊದಲಿಗಿಂತ ಹೆಚ್ಚು ಬೇಕಾದರು. ಈ ಸೀಮೆಯಲ್ಲಿ ‘ಹಳೇಮಗ’ ಎನ್ನುತ್ತಿದ್ದ, ಒಕ್ಕಲಿಗರ ಮನೆಗೂ ದಲಿತರ ಮನೆಗೂ ತಲೆತಲಾಂತರದಿಂದ ಇದ್ದ ಕಟ್ಟು, ಸುಗ್ಗಿಯಲ್ಲಿ ಇಂತಿಷ್ಟು ದವಸ, ಇಂತಿಷ್ಟು ಹುಲ್ಲು ಎಂಬ ಲೆಕ್ಕದ್ದು. ಹೊತ್ತಿಗೆ ಸರಿಯಾಗಿ ಆಳು ಸಿಗಲು ಜಮೀನುದಾರನಿಗೆ ಆ ಕಟ್ಟು ಬೇಕಿತ್ತು. ವರ್ಷವಿಡೀ ಕೆಲಸ ಊರಲ್ಲೇ ಸಿಗುತ್ತಿದ್ದುದರಿಂದ ಆಳಿಗೂ ಅದನ್ನು ಮುರಿದು ಹೊರಡುವ ಒತ್ತಡವಿರಲಿಲ್ಲ. ಹಣ ಬಂತು, ಕಟ್ಟು ಉಳಿಯಿತು.

ದಲೇನದವರಿಗೆ ಸುತ್ತಲಿನ ನೀರಾವರಿಯ ಲಾಭ ಪಡೆಯಲು ಊರಾಚೆ ಹೋಗುವುದೊಂದೇ ದಾರಿ. ಕೆಲವರು ಮಂಡ್ಯದ ಸಕ್ಕರೆ ಕಾರ್ಖಾನೆ, ಕಚೇರಿಗಳಲ್ಲಿ ಕೆಲಸ ಹಿಡಿದರು, ಕೆಲವರು ಗಾಡಿ ಕಟ್ಟಿದರು, ಕೆಲವರು ವ್ಯಾಪಾರಕ್ಕಿಳಿದರು. ಖುಷ್ಕಿ ಹೊಲಕ್ಕೆ ಕಾಯಂ ಆಳನ್ನಿಟ್ಟು ದವಸ ಅಳೆಯುವುದು ಯಾರಿಗೂ ಗಿಟ್ಟಲಿಲ್ಲ. ಆಳುಗಳೂ ದಿನಗೂಲಿ ಸಿಗುವ ಕಡೆ ಹೊರಟರು. ಹಳೆಯ ನಂಟು ಸಡಿಲಾಗಿದ್ದು ಇಲ್ಲಿ. ಹಾಗೆಂದು ಜಾತಿ ಹೋಯಿತೆಂದಲ್ಲ. ಯಾರ ಅನ್ನ ಯಾರ ಕೈಯಲ್ಲಿದೆ ಎಂಬುದು ಬದಲಾಯಿತು, ಅಷ್ಟರಮಟ್ಟಿಗೆ ಮಾತು ಕೇಳುವ, ಕೇಳಿಸುವ ರೀತಿ ಬದಲಾಯಿತು.

ನಿಮ್ಮ ಊರಿನ ಲೆಕ್ಕವನ್ನು ನೀವೇ ಹಾಕಲು ಹೊರಟರೆ ಮೊದಲ ತಪ್ಪು ಆಗುವುದು ಯಾರನ್ನು ಎಣಿಸುತ್ತೀರಿ ಎಂಬುದರಲ್ಲಿ. ಈಗ ಬೀದಿಯಲ್ಲಿ ಕಾಣುವವರನ್ನು ಎಣಿಸಿದರೆ ಬೆಂಗಳೂರಿಗೆ ಹೋದವರೆಲ್ಲ ಬಿಟ್ಟುಹೋಗುತ್ತಾರೆ. ಹೋದವರಲ್ಲಿ ಸಾಫ್ಟ್‌ವೇರ್‌ನವರೂ ಇರುತ್ತಾರೆ, ಗಾರೆ ಕೆಲಸದವರೂ ಇರುತ್ತಾರೆ. ಎಸ್ಸೆಸ್ಸೆಲ್ಸಿ ಬ್ಯಾಚನ್ನು ಹಿಡಿದರೆ ನಡುವೆ ಶಾಲೆ ಬಿಟ್ಟವರು ತಪ್ಪುತ್ತಾರೆ, ಅವರಲ್ಲಿ ಕೂಲಿ ಮನೆಯವರೇ ಹೆಚ್ಚಿದ್ದರೆ ಊರು ಇರುವುದಕ್ಕಿಂತ ಸಮವಾಗಿ ಕಾಣುತ್ತದೆ. ನಿಮ್ಮ ಜೊತೆ ಒಂದನೇ ತರಗತಿಗೆ ಸೇರಿದವರನ್ನೆಲ್ಲ, ಹುಡುಗಿಯರನ್ನೂ ಸೇರಿಸಿ, ನೆನಪು ಮಾಡಿಕೊಂಡು ಒಬ್ಬೊಬ್ಬರ ಬಗ್ಗೆ ವಿಚಾರಿಸುವುದು ಒಳ್ಳೆಯದು. ಆಗ ಬೇರೆ ಶಾಲೆಗೆ ಹೋದ ಅನುಕೂಲಸ್ಥರ ಮಕ್ಕಳನ್ನೂ ಮರೆಯಬಾರದು. ಅಪ್ಪನಿಗೆ 40 ವರ್ಷವಾಗಿದ್ದಾಗಿನ ಕೆಲಸವನ್ನು ಮಗನ 40ರ ಕೆಲಸದ ಜೊತೆಗಿಡಿ, ಮಗನ 25ರ ಜೊತೆಗಲ್ಲ.

ಎರಡನೇ ತಪ್ಪು ಕೆಲಸದ ಹೆಸರನ್ನು ನಂಬುವುದು. ‘ಮೇಷ್ಟ್ರು’ ಎಂದಿರಿ. ಕಾಯಂ ಶಿಕ್ಷಕನೋ ಅತಿಥಿ ಶಿಕ್ಷಕನೋ? ಅತಿಥಿ ಶಿಕ್ಷಕನಿಗೆ ಗೌರವಧನ, ಮುಂದಿನ ವರ್ಷ ಕರೆಯುತ್ತಾರೆಂಬ ಖಾತ್ರಿಯಿಲ್ಲ, ಪಿಂಚಣಿಯಿಲ್ಲ. ಇಬ್ಬರನ್ನೂ ಒಂದೇ ಸಾಲಿನಲ್ಲಿ ಬರೆದರೆ ಏರದಿದ್ದವರೂ ಏರಿದಂತೆ ಕಾಣುತ್ತಾರೆ. ಕೆಲಸದ ಪಕ್ಕದಲ್ಲಿ ಕಾಯಂ ಹೌದೇ, ಸ್ವಂತ ಮನೆಯಿದೆಯೇ ಎಂಬ ಎರಡು ಕಲಂ ಹಾಕಿಕೊಳ್ಳಿ.

ಇನ್ನೊಂದು ಕಲಂ ಹಣಕ್ಕೆ ಸಂಬಂಧಿಸಿದ್ದಲ್ಲ. ಬಸ್‌ಸ್ಟ್ಯಾಂಡ್ ಪಕ್ಕದಲ್ಲಿ ನಾಲ್ಕು ಕುರ್ಚಿಯ ಕಟಿಂಗ್ ಶಾಪ್ ನಡೆಸುವವರು ಕಚೇರಿ ಗುಮಾಸ್ತರಿಗಿಂತ ಹೆಚ್ಚು ದುಡಿಯುತ್ತಿರಬಹುದು. ಆದರೆ ಗುಮಾಸ್ತರಿರುವ ಬೀದಿಯಲ್ಲಿ ಅವರಿಗೆ ಬಾಡಿಗೆ ಮನೆ ಕೇಳಿದ ಕೂಡಲೇ ಸಿಗುತ್ತದೆಯೇ, ದೇವಸ್ಥಾನದ ಸಮಿತಿಯಲ್ಲಿ ಅವರ ಹೆಸರಿದೆಯೇ, ಮಗಳ ಮದುವೆಗೆ ಯಾರು ಬಂದು ಕೂತು ಉಂಡರು? ಆದಾಯ, ಮರ್ಯಾದೆ, ಅಧಿಕಾರ ಮೂರೂ ಒಂದೇ ವೇಗದಲ್ಲಿ ಏರುವುದಿಲ್ಲ ಎಂಬುದನ್ನು ಜರ್ಮನಿಯ ಮ್ಯಾಕ್ಸ್ ವೆಬರ್ ನೂರು ವರ್ಷಗಳ ಹಿಂದೆಯೇ ಬಿಡಿಸಿ ತೋರಿಸಿದ್ದರು. ಹಣದ ಸಾಲಿನಲ್ಲಿ ಎರಡು ಮೆಟ್ಟಿಲು ಏರಿದವರು ಮನೆ ಹುಡುಕುವ ಸಾಲಿನಲ್ಲಿ ಅಪ್ಪ ನಿಂತ ಜಾಗದಲ್ಲೇ ನಿಂತಿರಬಹುದು. ನಿಮ್ಮ ಪಟ್ಟಿಯಲ್ಲಿ ಈ ಕಲಂ ಖಾಲಿ ಬಿಡಬೇಡಿ, ಅವರನ್ನೇ ಕೇಳಿ ತುಂಬಿಸಿ.